ಶುದ್ಧ ನೀರೆಂದು ಬರೆಸಿದ ಉತ್ತರ

೧೯೮೩ನೇ ಇಸವಿ ಡಿಸೆಂಬರ್ ೮, ಗುರುವಾರ. ಬೆಳಿಗ್ಗೆ ಒಂಬತ್ತೂವರೆಯವರೆಗೂ ಮಂಜು. ಕಡೂರು ನಿಲ್ದಾಣದ ಸಿಗ್ನಲ್ ಕಂಬ ಕಾಣುತ್ತಿರಲಿಲ್ಲ. ಆಮೇಲೆ ಚುರುಕಾದ ಬಿಸಿಲು.

ಅಂದು ಎರಡನೆಯ ಪಿ.ಯು.ಸಿ.ಯವರಿಗೆ ಜೀವಶಾಸ್ತ್ರದ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಹಂಚಿದೆ. ನಮ್ಮ ಕಾಲೇಜಿನಲ್ಲಿ ಇದರಲ್ಲಿ ಮೂವತ್ತೈದು ಅಂಕ ಬಾರದವರ ಅರ್ಜಿ ವಾರ್ಷಿಕ ಪರೀಕ್ಷೆಗೆ ಹೋಗುವುದಿಲ್ಲ. ಸಿಂಗಟಗೆರೆಯ ದಾಕ್ಷಾಯಣಮ್ಮನಿಗೆ ಮೂವತ್ತಮೂರು. ಇಪ್ಪತ್ತು ವರ್ಷದವಳು, ಎರಡು ವರ್ಷ ಓದು ನಿಲ್ಲಿಸಿ ಮರಳಿದ್ದಳು. ಈ ವರ್ಷ ಪರೀಕ್ಷೆಗೆ ಕೂರದಿದ್ದರೆ ಮದುವೆ ಎಂದು ಅವಳ ತಂದೆ ದೇವೀರಪ್ಪ ಕಾಲೇಜಿಗೇ ಬಂದು ಹೇಳಿಹೋಗಿದ್ದರು.

ಹತ್ತು ಅಂಕದ ಪ್ರಶ್ನೆ: ಮೂತ್ರ ಉತ್ಪತ್ತಿಯಾಗುವ ಬಗೆ ಮತ್ತು ಡಯಾಲಿಸಿಸ್. ಹದಿನೆಂಟು ವರ್ಷದಿಂದ ಇದಕ್ಕೆ ನಾನು ಒಂದೇ ಟಿಪ್ಪಣಿ ಬರೆಸುತ್ತಿದ್ದೆ. ಅದರಲ್ಲಿ ಗೆರೆ ಎಳೆಸಿದ ಪದಗಳನ್ನು ಎಣಿಸಿ ಅಂಕ ಕೊಡುವುದು ನನ್ನ ಪದ್ಧತಿ. ಅವಳು ತನ್ನದೇ ಮಾತಿನಲ್ಲಿ ಬರೆದಿದ್ದಳು. ರಕ್ತದ ಒತ್ತಡಕ್ಕೆ ಮೂತ್ರಪಿಂಡದ ಗ್ಲೋಮೆರುಲಸ್ ಎಂಬ ಲೋಮನಾಳಗಳ ಗಂಟಿನಿಂದ ನೀರು, ಸಕ್ಕರೆ, ಲವಣ, ಯೂರಿಯಾ ಸೋಸಿ ಇಳಿಯುತ್ತವೆ. ರಕ್ತಕಣಗಳೂ ಪ್ರೋಟೀನೂ ಹಿಂದೆ ಉಳಿಯುತ್ತವೆ. ದಿನಕ್ಕೆ ನೂರೆಂಬತ್ತು ಲೀಟರ್ ಸೋಸಿದರೂ ಮೂತ್ರವಾಗುವುದು ಒಂದೂವರೆ ಲೀಟರ್; ಸಕ್ಕರೆಯನ್ನು ಪೂರ್ತಿಯಾಗಿ, ನೀರು ಲವಣಗಳನ್ನು ಬಹುಪಾಲು ನಾಳವು ಮರಳಿ ಹೀರಿಕೊಳ್ಳುತ್ತದೆ. ಕೊನೆಗೆ ರಕ್ತದಲ್ಲಿ ಉಳಿದ ಹೆಚ್ಚಿನ ಪೊಟ್ಯಾಸಿಯಮ್, ಆಮ್ಲಗಳನ್ನು ನಾಳದ ಗೋಡೆಯೇ ಒಳಕ್ಕೆ ಸ್ರವಿಸುತ್ತದೆ. ಇಷ್ಟೂ ಸರಿಯಿತ್ತು. ಡಯಾಲಿಸಿಸ್ ಭಾಗದಲ್ಲಿ, ರಕ್ತ ಹರಿಯುವ ಪೊರೆಯ ನಳಿಕೆಯ ಸುತ್ತ ಇರುವ ದ್ರವದಲ್ಲಿ ಲವಣ, ಸಕ್ಕರೆ ಬೆರೆಸಿರುತ್ತಾರೆ ಎಂದಿದ್ದಳು. ನನ್ನ ಟಿಪ್ಪಣಿಯಲ್ಲಿದ್ದದ್ದು ‘ಶುದ್ಧ ನೀರು’. ಅಲ್ಲಿ ಕೆಂಪು ಗೆರೆ ಎಳೆದು ನಾಲ್ಕು ಅಂಕ ಕಳೆದಿದ್ದೆ.

ಅವಳು ಎದ್ದು ನಿಂತಳು. “ಸಾರ್, ಬರೀ ನೀರಲ್ಲ ಸಾರ್. ಉಪ್ಪು ಹಾಕ್ತಾರೆ. ನಾನೇ ನೋಡಿದೀನಿ.”

“ಉಪ್ಪಿಟ್ಟು ಮಾಡ್ತಾರೇನೇ?” ಎಂದಿತು ಹಿಂದಿನ ಬೆಂಚು.

ನಾನು ಸುಮ್ಮನಿರಬಹುದಿತ್ತು. “ಒಗ್ಗರಣೆ ಮರೆತು ಬಂದೆಯಲ್ಲಮ್ಮಾ,” ಎಂದೆ. ಇಡೀ ತರಗತಿ ನಕ್ಕಿತು. ಅವಳು ಪತ್ರಿಕೆಯನ್ನು ನಾಲ್ಕಾಗಿ ಮಡಿಸಿ ಕುಳಿತಳು. ಮರುದಿನ ಬರಲಿಲ್ಲ. ಅರ್ಜಿಗಳ ಕಟ್ಟು ಅವಳ ಹೆಸರಿಲ್ಲದೆ ಹೋಯಿತು.

ಶನಿವಾರ ಮೊದಲ ವರ್ಷದವರಿಗೆ ಪರಾಸರಣದ, ಅಂದರೆ ಪೊರೆಯ ಮೂಲಕ ನೀರು ಹಾಯುವುದರ, ಪಾಠ. ಅದೇ ಟಿಪ್ಪಣಿ ಪುಸ್ತಕ ತೆರೆದು, “ಶುದ್ಧ ನೀರಿನಲ್ಲಿಟ್ಟ ಕೆಂಪು ರಕ್ತಕಣ ನೀರು ಹೀರಿ ಒಡೆಯುತ್ತದೆ,” ಎಂದು ಬರೆಸುತ್ತಿದ್ದವನು ಮಾತು ನಿಲ್ಲಿಸಿದೆ. ಪೊರೆಯ ಆಚೆ ಶುದ್ಧ ನೀರಿದ್ದರೆ ಯೂರಿಯಾದ ಜೊತೆಗೆ ರಕ್ತದ ಲವಣಗಳೂ ಸೋರಿಹೋಗುತ್ತವೆ, ನೀರು ರಕ್ತಕ್ಕೆ ನುಗ್ಗುತ್ತದೆ, ರೋಗಿ ಉಳಿಯುವುದಿಲ್ಲ. ಎರಡು ಪಾಠಗಳನ್ನೂ ಬರೆದವನು ನಾನೇ. ಒಂದರ ಪಕ್ಕ ಇನ್ನೊಂದನ್ನು ಇಟ್ಟು ಒಮ್ಮೆಯೂ ಓದಿರಲಿಲ್ಲ.

ಭಾನುವಾರ ಸಿಂಗಟಗೆರೆಯ ಬಸ್ಸು ಹತ್ತಿದೆ. ದೇವೀರಪ್ಪನವರು ಜಗಲಿಯ ಮೇಲೆ ಕೊಬ್ಬರಿ ಆರಿಸುತ್ತಿದ್ದರು.

“ಬನ್ನಿ ಮೇಷ್ಟ್ರೇ. ಇಷ್ಟು ದೂರ ಬಂದ್ಬಿಟ್ರಲ್ಲ. ಫೇಲಾಗಿದ್ದು ಹೇಳ್ಯವ್ಳೆ ಬಿಡಿ.”

“ಅವಳು ಫೇಲಾಗಿಲ್ಲ. ತಪ್ಪು ನನ್ನದು,” ಎಂದೆ.

ಬಾಗಿಲಲ್ಲಿ ನಿಂತಿದ್ದ ದಾಕ್ಷಾಯಣಮ್ಮ ಆಗ ಹೇಳಿದ್ದು ನನಗೆ ತಿಳಿದಿರಲಿಲ್ಲ. ಅವಳ ಅಣ್ಣ ಓಂಕಾರಮೂರ್ತಿಗೆ ಎರಡೂ ಮೂತ್ರಪಿಂಡ ಕೆಟ್ಟಿದ್ದವು. ಬೆಂಗಳೂರಿನಲ್ಲಿ ಹನ್ನೊಂದು ತಿಂಗಳು, ವಾರಕ್ಕೆರಡು ಬಾರಿ, ಅವನ ಮಂಚದ ಪಕ್ಕ ಇದ್ದವಳು ಇವಳೇ.

“ದೊಡ್ಡ ತೊಟ್ಟಿ ಸಾರ್. ಯಂತ್ರ ನೋಡ್ಕೊಳ್ಳೋ ಹನುಮಂತಯ್ಯನೋರು ಉಪ್ಪು ತೂಗೋರು, ನಾನು ಕಲಕ್ತಿದ್ದೆ. ರಕ್ತದಲ್ಲಿ ಎಷ್ಟಿರ್ಬೇಕೋ ಅಷ್ಟೇ ಉಪ್ಪು ಇದ್ರೆ ರಕ್ತದ್ದು ಈಚೆಗೆ ಬರಲ್ಲ. ಯೂರಿಯಾ ತೊಟ್ಟೀಲಿ ಇರಲ್ವಲ್ಲ, ಅದಕ್ಕೆ ಅದು ಬತ್ತದೆ. ಪೊಟ್ಯಾಸಿಯಮ್ ಕಮ್ಮಿ ಹಾಕೋರು, ಹೆಚ್ಚಾಗಿರೋದು ಇಳೀಲಿ ಅಂತ. ತೊಟ್ಟಿ ನೀರೂ ಬದಲಾಯಿಸೋರು.”

“ಅಣ್ಣ ಈಗ?” ಎಂದು ಕೇಳಿಬಿಟ್ಟೆ.

“ಹೋದ ಸಾರ್. ಯುಗಾದಿಗೆ ಎರಡು ವರ್ಷ ಆಯ್ತದೆ.”

ಅವಳ ಮುಖ ನೋಡಲಾಗಲಿಲ್ಲ. ಒಗ್ಗರಣೆಯ ಮಾತಿಗೆ ಕ್ಷಮೆ ಕೇಳಿದೆ. ದೇವೀರಪ್ಪನವರು ಕೊಬ್ಬರಿಯಿಂದ ತಲೆ ಎತ್ತಲಿಲ್ಲ.

“ನಗಿಸಿದ್ದು ಕ್ಲಾಸಲ್ಲಿ ಅಲ್ವಾ ಸಾರ್?” ಎಂದಳು ಅವಳು. “ಅಲ್ಲೂ ಹೇಳ್ಬಿಡಿ. ಪರೀಕ್ಷೇಲಿ ಎಲ್ರೂ ಬರೀ ನೀರು ಅಂತ ಬರೀತಾರೆ.”

ಸೋಮವಾರ ತರಗತಿಯಲ್ಲಿ ಹೇಳಿದೆ. ಯಾರೂ ನಗಲಿಲ್ಲ. ಆರು ಅಂಕವನ್ನು ಹತ್ತಾಗಿ ತಿದ್ದಿದೆ. ಅವಳ ಒಟ್ಟು ಮೂವತ್ತೇಳಾಯಿತು. ಪ್ರಾಂಶುಪಾಲರಿಗೆ ಕಾರಣವನ್ನು ಬರೆದುಕೊಟ್ಟು, ದಂಡದೊಂದಿಗೆ ಅವಳ ಅರ್ಜಿ ಕಳುಹಿಸಿದೆ. ಹಿಂದಿನ ಹದಿನೇಳು ತಂಡಗಳಿಗೆ ಹೇಳುವ ದಾರಿ ನನಗೆ ತಿಳಿದಿಲ್ಲ.

ಖರ್ಚು: ಸಿಂಗಟಗೆರೆಗೆ ಹೋಗಿಬರುವ ಬಸ್ಸು, ನಾಲ್ಕು ರೂಪಾಯಿ. ತಡವಾದ ಅರ್ಜಿಯ ದಂಡ, ಹದಿನೈದು ರೂಪಾಯಿ. ರಿಜಿಸ್ಟರ್ಡ್ ಅಂಚೆ, ಮೂರು ರೂಪಾಯಿ.