ಕಿರೀಟ ತೊಡಿಸಿದ ಗ್ರಾಫು

ಪುಣೆಯ ಸದಾಶಿವ ಪೇಠದ ನಮ್ಮ ಕಾಲೇಜಿನಲ್ಲಿ ಬ್ಯಾಚಿಗೆ ಒಂದೇ ಪಿಎಚ್ ಮೀಟರು. ಅದಕ್ಕೂ ವಯಸ್ಸಾಗಿತ್ತು; ಮುಟ್ಟಿದರೆ ಸಾಯುವಂತಿತ್ತು. ಹಾಗಾಗಿ ಲ್ಯಾಬಿನ ಅಟೆಂಡರ್ ಮಾಮಾ ತಾವೇ ಆಮ್ಲಕ್ಕೆ ಹನಿ ಹನಿಯಾಗಿ ಕ್ಷಾರ ಬಿಡುವ ಟೈಟ್ರೇಶನ್ ಮಾಡಿ, ಕಂಪ್ಯೂಟರಿನಲ್ಲಿ ಮೂಡಿದ ಗ್ರಾಫಿನ ಗೆರೆಯ ಸ್ಕ್ರೀನ್‌ಶಾಟನ್ನು ಗ್ರೂಪಿಗೆ ಹಾಕುತ್ತಿದ್ದರು. ಪ್ರಾಕ್ಟಿಕಲ್ ಪರೀಕ್ಷೆಯ ದಿನವೂ ಅದೇ ಪದ್ಧತಿ. ಇಪ್ಪತ್ತೈದು ಮಿಲಿ ಅಸಿಟಿಕ್ ಆಮ್ಲಕ್ಕೆ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಬಿಟ್ಟಿದ್ದರು. ಆಮ್ಲದ ಸಾಂದ್ರತೆಯನ್ನು ನಾವು ಹೇಳಬೇಕು.

ನನ್ನ ಬೆಂಚಿನ ಜೊತೆಗಾರ ಕಲಬುರ್ಗಿ ಕಡೆಯವನು. ಹೋದ ವರ್ಷ ಇದೇ ಪ್ರಾಕ್ಟಿಕಲ್ ಅವನನ್ನು ಮುಳುಗಿಸಿತ್ತು. ಈ ಸಲವೂ ಹೋದರೆ ಕಾಕಾನ ಜೊತೆ ಸೆಂಟ್ರಿಂಗ್ ಕೆಲಸಕ್ಕೆ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅವನ ಮೊಬೈಲ್ ಪರದೆಯಲ್ಲಿ ಇಡೀ ಪುಣೆಯ ರಸ್ತೆಗಳ ನಕಾಶೆಯಷ್ಟು ಬಿರುಕು.

"ಲೇ, ಅಂಕಿ ಕಾಣವಲ್ದು. ದೊಡ್ಡದು ಮಾಡಿ ಕಳಸೋ," ಅಂದ.

ನಾನು ಮಹಾ ಕಲಾವಿದ. ಎಡಗಡೆಯ ಪಿಎಚ್ ಅಂಕಿಗಳನ್ನಷ್ಟೇ ಉಳಿಸಿ, ಕೆಳಗಿನ ಮಿಲಿ ಅಂಕಿಗಳೂ ಸೇರಿ ಉಳಿದ ಅಂಚುಗಳನ್ನೆಲ್ಲ ಕತ್ತರಿಸಿದೆ. ಗೆರೆ ಗೋಡೆಯಂತೆ ನೆಟ್ಟಗೆ ಏರುವ ಜಾಗದ ನಡುವೆ, ಅಂದರೆ ಆಮ್ಲವೆಲ್ಲ ತೀರಿದ ಈಕ್ವಿವಲೆನ್ಸ್ ಪಾಯಿಂಟಿಗೆ, ಕೆಂಪು ಕಿರೀಟ ಬರೆದು ಅವನಿಗೆ ಕಳಿಸಿದೆ. ಎಡ ಅಂಚಿನಿಂದ ಚೌಕ ಎಣಿಸಿದರೆ ಹದಿನೈದು. ಚೌಕಕ್ಕೆ ಒಂದು ಮಿಲಿ. ಹದಿನೈದನ್ನು 0.1ರಿಂದ ಗುಣಿಸಿ ಇಪ್ಪತ್ತೈದರಿಂದ ಭಾಗಿಸಿ, ಕಾಲರ್ ಎತ್ತಿಕೊಂಡೆ.

"ಬರಕೋ, 0.06. ಎರಡು ನಿಮಿಷದಾಗ ಮುಗಸೀನಿ."

"ಖರೇನ?"

"ನಾ ಎಂದರ ತಪ್ಪೀನೇನ್ಲೇ?"

ಅವನು ಬರೆದು, ಹಾಳೆ ಕೊಟ್ಟು, ವೈವಾ ಸಾಲಿಗೆ ಹೋದ. ಆಮೇಲೆ ನಾನು ಮೂಲ ಚಿತ್ರವನ್ನು ಸುಮ್ಮನೆ ತೆರೆದೆ. ಕೆಳಗಿನ ಅಂಕಿಗಳು ಸೊನ್ನೆಯಿಂದಲ್ಲ, ಐದರಿಂದ ಶುರುವಾಗಿದ್ದವು. ಮಾಮಾ ಝೂಮ್ ಮಾಡಿ ಸ್ಕ್ರೀನ್‌ಶಾಟ್ ತೆಗೆದಿದ್ದರು. ಗೋಡೆ ಇದ್ದದ್ದು ಇಪ್ಪತ್ತು ಮಿಲಿಯಲ್ಲಿ. ಉತ್ತರ 0.08.

ನನ್ನ ಹಾಳೆಯಲ್ಲಿ ತಿದ್ದಿದೆ. ಅವನು ನಾಲ್ಕು ಹೆಜ್ಜೆ ದೂರದಲ್ಲಿದ್ದ. ಕೂಗಿದ್ದರೆ ಕೇಳಿಸುತ್ತಿತ್ತು. ಆದರೆ ಇಡೀ ಬ್ಯಾಚಿನೆದುರು "ನಾನು ತಪ್ಪಿದೆ" ಅನ್ನಬೇಕಿತ್ತು.

ಹೊರಗಿನಿಂದ ಬಂದ ಪರೀಕ್ಷಕರು ಅವನ ಮೊಬೈಲ್ ನೋಡಿ ಮರಾಠಿಯಲ್ಲಿ ಕೇಳಿದರು, "ಕಾಯ್ ರೇ, ಒಂದು ಹನಿ ಹಾಕುವ ಮೊದಲೇ ಪಿಎಚ್ ನಾಲ್ಕರ ಮೇಲೆ? 0.06 ಆಮ್ಲಕ್ಕೆ ಮೂರರ ಹತ್ತಿರ ಇರಬೇಡವೇ? ಈ ಚಿತ್ರ ಯಾರು ಕತ್ತರಿಸಿದ್ದು?"

ಅವನು ನನ್ನ ಕಡೆ ತಿರುಗಲಿಲ್ಲ.

"ನಾನಽ ಕತ್ತರಿಸೀನಿ, ಸರ್," ಎಂದ, ತನಗೆ ಬರುವಷ್ಟು ಮರಾಠಿಯಲ್ಲಿ.

ಫಲಿತಾಂಶದಲ್ಲಿ ನಾನು ಪಾಸು. ಈಗ ಬೆಂಚಿನ ಮೇಲೆ ನನ್ನ ಬ್ಯಾಗು ಎರಡು ಜನರ ಜಾಗದಲ್ಲಿ ಮಲಗುತ್ತದೆ. ಮೊಬೈಲಿನಲ್ಲಿ ನಮ್ಮಿಬ್ಬರ ಮಾತು ಆ ಕಿರೀಟದ ಚಿತ್ರದ ಹತ್ತಿರವೇ ನಿಂತಿದೆ. ಅದರ ಕೆಳಗೆ ಅವತ್ತೇ ಬಂದ ಅವನ ಉತ್ತರ: "ಈಗ ಭಾಳ ಛಂದ ಕಾಣತದ ದೋಸ್ತ."