ಮಾರ್ಕೋನಹಳ್ಳಿ ರೈತರು ಅಂದರೆ ಯಾರು?

ಎಂಬತ್ತರ ದಶಕ ಮುಗಿಯುತ್ತಿತ್ತು. ತುಮಕೂರಿನ ಬಟವಾಡಿಯಲ್ಲಿದ್ದ ನಮ್ಮ ಕಂಪ್ಯೂಟರ್ ಆಫೀಸಿಗೆ ಕುಣಿಗಲ್‌ನಿಂದ ನೀರಾವರಿ ಎಂಜಿನಿಯರೊಬ್ಬರು ಬಂದರು. ನಾಲೆ ರಿಪೇರಿಯಿದೆ, ಈಗಲೇ ಭತ್ತದ ಸಸಿಮಡಿ ಹಾಕಬೇಡಿ ಎಂದು ರೈತರಿಗೆ ನೋಟಿಸ್ ಕಳಿಸಬೇಕಿತ್ತು.

"ಮಾರ್ಕೋನಹಳ್ಳಿ ರೈತರ ಹೆಸರು ತೆಗ್ದು ಕೊಡಮ್ಮ, ಬೇಗ," ಎಂದರು.

ನಾನು select name from ryot where ಎಂದು ಟೈಪ್ ಮಾಡಿ ಕೈ ನಿಲ್ಲಿಸಿದೆ. ಯಾವ ರೈತರು ಬೇಕು ಎಂಬ ಷರತ್ತನ್ನು ಆ ಕೊನೆಯ ಪದದ ಮುಂದೆ ಬರೆಯಬೇಕು. ನಮ್ಮ ದಾಖಲೆಯಲ್ಲಿ ರೈತ ವಾಸಿಸುವ ಊರಿಗೆ ಒಂದು ಕಾಲಂ, ಅವನ ಗದ್ದೆಗೆ ನೀರು ಕೊಡುವ ಕೆರೆ ಅಥವಾ ಜಲಾಶಯಕ್ಕೆ ಇನ್ನೊಂದು ಕಾಲಂ ಇತ್ತು. ಮಾರ್ಕೋನಹಳ್ಳಿ ಊರಿನ ಹೆಸರೂ ಹೌದು, ಅಲ್ಲಿನ ಜಲಾಶಯದ ಹೆಸರೂ ಹೌದು.

"ಊರಿನ ಹೆಸರು ಹೊಡೀರಮ್ಮ, ಅದಕ್ಕೇನು ಯೋಚ್ನೆ?"

ನನಗೆ ರೇಗಿತು. "ಸಾರ್, ಮನೆ ಮಾರ್ಕೋನಹಳ್ಳೀಲಿ ಇರೋರು ಬೇಕಾ, ಇಲ್ಲ ಆ ಜಲಾಶಯದ ನೀರು ಗದ್ದೆಗೆ ಹರಿಯೋರು ಬೇಕಾ?"

"ನೀರು ಹರಿಯೋರು ಕಣಮ್ಮ. ಅವ್ರ ಮನೆ ಎಲ್ಲಾದ್ರೂ ಇರ್ಲಿ."

ಜಲಾಶಯದ ಕಾಲಂ ಹಾಕಿ ಸಾಲು ಮುಗಿಸಿದೆ. ಪ್ರಿಂಟರ್ ಕಿರುಗುಟ್ಟುತ್ತಾ ಹಾಳೆ ಬಿಟ್ಟಿತು. ಊರಿನ ಕಾಲಂ ಹಾಕಿದ್ದರೂ ಅದು ಇಷ್ಟೇ ಚೆಂದವಾಗಿ, ಒಂದೂ ತಕರಾರಿಲ್ಲದೆ ಹೆಸರು ಕೊಡುತ್ತಿತ್ತು. ತಪ್ಪು ಪ್ರಶ್ನೆಗೂ ಯಂತ್ರ ಸರಿಯುತ್ತರವನ್ನೇ ಕೊಡುತ್ತದೆ ಎಂಬ ಯೋಚನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಎಂಜಿನಿಯರ್ ಬೆರಳಿಟ್ಟು ಓದುತ್ತಾ ಒಂದು ಹೆಸರಿನಲ್ಲಿ ನಿಂತರು.

"ನಮ್ಮತ್ತೆ," ಎಂದರು ಮೆಲ್ಲಗೆ. "ಇರೋದು ಗುಬ್ಬೀಲಿ."