ಶ್ರೀವಾಣಿಯ ಹತ್ತು ನಿಮಿಷ

ಶ್ರೀವಾಣಿ ನಮ್ಮ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಬಂದ ದಿನವೇ ನನಗೆ ಅವಳು ಹಿಡಿಸಲಿಲ್ಲ. ಕಾರಣ ಕೇಳಿದರೆ ನೂರು ಹೇಳಬಲ್ಲೆ. ನಡೆಯುವಾಗ ತಲೆ ಬಗ್ಗಿಸುತ್ತಿದ್ದಳು. ಮಾತಾಡಿಸಿದರೆ ಎರಡು ಮಾತಿಗೆ ಒಂದು ತೆಲುಗು. ಊಟದ ಡಬ್ಬಿಯಲ್ಲಿ ದಿನಾ ಅದೇ ಟೊಮೊಟೊ ಗೊಜ್ಜು. ಬೈರಕೂರಿನ ಚನ್ನರಾಯಪ್ಪನ ಮಗಳು. ಅಪ್ಪನದು ಎರಡು ಎಕರೆ ಟೊಮೊಟೊ, ಒಂದಿಷ್ಟು ಮಾವು. ಡಿ.ಎಡ್. ಮುಗಿಸಿ ನಾಲ್ಕು ವರ್ಷದಲ್ಲಿ ನಾಲ್ಕು ಶಾಲೆ ಸುತ್ತಿದ್ದಾಳೆ. ಪ್ರತಿ ಮಾರ್ಚ್‌ಗೆ ಮನೆಗೆ ಕಳಿಸುತ್ತಾರೆ, ಜೂನ್‌ನಲ್ಲಿ ಮತ್ತೆ ಅರ್ಜಿ ಹಿಡಿದು ಬಂದು ನಿಲ್ಲುತ್ತಾಳೆ. ಅಂಥವಳಿಗೆ ಒಂದನೇ ತರಗತಿಯ ಇಂಗ್ಲಿಷ್ ಕೊಟ್ಟರು. ಇಪ್ಪತ್ತೇಳು ವರ್ಷ ಸರ್ವಿಸ್ ಆದ ಈ ಗಂಗರತ್ನಮ್ಮನಿಗೆ ಆರು, ಏಳನೆಯವರ ಸಮಾಜ ವಿಜ್ಞಾನ. ಥೂ ಅನ್ನಿಸಿತು.

ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಹತ್ತು ನಿಮಿಷ ಅವಳ ತರಗತಿಯಿಂದ ವಿಚಿತ್ರ ಸದ್ದು ಬರುತ್ತಿತ್ತು. ಇಪ್ಪತ್ತೊಂದು ಮಕ್ಕಳು ಒಟ್ಟಿಗೆ ‘ಸ್‌ಸ್‌ಸ್’, ಆಮೇಲೆ ‘ಮ್‌ಮ್‌ಮ್’. ಪಾಠಕ್ಕೆ ಮುಂಚೆ ನಾಲಿಗೆ ಸಡಿಲ ಮಾಡಿಸುವುದಂತೆ. ನನ್ನ ತರಗತಿಯ ಏಳನೆಯವರು ಕಿಸಕ್ಕೆಂದು ನಗುತ್ತಿದ್ದರು. ನಾನೂ ತಡೆಯುತ್ತಿರಲಿಲ್ಲ.

ಒಂದು ದಿನ ಬಿಡುವಿನಲ್ಲಿ ಅವಳು ಹಾಳೆಯ ಮೇಲೆ ಏನೋ ಗೀಚುತ್ತಾ ಕೂತಿದ್ದಳು. ಬಗ್ಗಿ ನೋಡಿದೆ. ಹತ್ತು ನಿಮಿಷಕ್ಕೆ ಒಂದು ಪುಟ ಯೋಜನೆ! ಮೊದಲ ಎರಡು ನಿಮಿಷ ಸದ್ದು ಗೊತ್ತಿರುವ ಅಕ್ಷರಗಳ ಕಾರ್ಡು, ಹೊಸದು ಒಂದೂ ಇಲ್ಲ. ಮುಂದಿನ ಎರಡು ನಿಮಿಷ ಬರೀ ಕಿವಿಗೆ: ಅಕ್ಷರ ತೋರಿಸದೆ ಟೀಚರ್ ಪದವನ್ನು ಎಳೆದು ಹೇಳುವುದು, ಮಕ್ಕಳು ಅದು ಯಾವ ಪದ ಎಂದು ಹೇಳುವುದು. ಆಮೇಲೆ ನಾಲ್ಕು ನಿಮಿಷ ಬೋರ್ಡಿನ ಮೇಲೆ ಕೂಡಿಸುವುದು. ಕೊನೆಯ ಎರಡು ನಿಮಿಷ, ಮಕ್ಕಳು ಹಿಂದೆ ನೋಡಿರದ ಒಂದು ಪದವನ್ನು ಒಬ್ಬೊಬ್ಬರೇ ಓದುವುದು. ಪದಗಳ ಪಟ್ಟಿಯಲ್ಲಿ ಫ್ಯಾನ್, ಮ್ಯಾನ್, ಮ್ಯಾಟ್ ಇದ್ದವು. ಬ್ಯಾಟ್ ಎಂದು ಬರೆದು ಅದನ್ನು ಹೊಡೆದು ಹಾಕಿದ್ದಳು.

‘ಯಾಕಮ್ಮಾ, ಬ್ಯಾಟ್ ಏನ್ ಪಾಪ ಮಾಡ್ತು? ಮಕ್ಕಳಿಗೆಲ್ಲಾ ಗೊತ್ತಿರೋ ಪದ ಅದೊಂದೇ’ ಅಂದೆ.

‘ಈಗ್ಲೇ ಬೇಡ ಮೇಡಂ. ಸ್, ಮ್, ನ್, ಫ್ ಆದ್ರೆ ಉಸಿರು ಇರೋವರ್ಗೂ ಎಳೀಬೋದು. ಎಳೀತಾ ಎಳೀತಾನೇ ಸ್ವರಕ್ಕೆ ಜಾರ್ಬೋದು. ಮಧ್ಯ ನಿಲ್ಲಿಸೋದೇ ಬೇಡ. ಬ್ ಅನ್ನೋದು ಎಳೆಯಕ್ಕಾಗಲ್ಲ. ಎಳೆಯಕ್ಕೆ ಹೋದ್ರೆ ಹಿಂದೇನೇ ಅ ಬಂದು ಅಂಟ್ಕೊಳ್ಳುತ್ತೆ. ಕೂಡ್ಸೋದು ಚೆನ್ನಾಗಿ ಬಂದ್ಮೇಲೆ ಕೊಡ್ತೀನಿ.’

‘ಮ್ಯಾಟ್‌ನಲ್ಲಿ ಟ ಇದೆಯಲ್ಲ, ಅದನ್ನ ಎಳೀತೀಯಾ?’

‘ಅದು ಕೊನೇಲಿ ಬರುತ್ತೆ, ತೊಂದ್ರೆ ಇಲ್ಲ. ಮಕ್ಕಳು ಟ ಅಂದ್ರೆ, ಹಿಂದಿರೋ ಅ ಅನ್ನೋ ಬಾಲ ಕತ್ತರಿಸ್ರೋ ಅಂತೀನಿ. ಬೆರಳಲ್ಲಿ ಹಿಂಗೆ’ ಎಂದು ಎರಡು ಬೆರಳು ಕತ್ತರಿಯಂತೆ ಆಡಿಸಿ, ‘ಟ್’ ಎಂದಳು. ಕೇಳಿಸಿತೋ ಇಲ್ಲವೋ ಎನ್ನುವಷ್ಟು ಚಿಕ್ಕ ಸದ್ದು.

ಅಯ್ಯೋ ಶಿವನೇ! ಅಕ್ಷರ ಕಲಿಸಲು ಬಂದವಳು ಬಾಲ ಕತ್ತರಿಸುತ್ತಾಳೆ. ಹೆಡ್ ಮೇಷ್ಟ್ರು ವೆಂಕಟರಮಣಪ್ಪನವರ ಹತ್ತಿರ ಅದನ್ನು ಅಭಿನಯಿಸಿಯೇ ತೋರಿಸಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾರ ಮಾತಿಗೂ ಇಲ್ಲ ಅನ್ನದ ಮನುಷ್ಯ ಅವರು. ಬೆನ್ನೆಲುಬು ಇದ್ದಿದ್ದರೆ ಇಷ್ಟು ಹೊತ್ತಿಗೆ ಬೇರೆ ಏನಾದರೂ ಆಗಿರುತ್ತಿದ್ದರು. ‘ಮೂರು ತಿಂಗಳಾಯ್ತು ಸಾರ್, ಮಕ್ಕಳಿಗೆ ಎ ಬಿ ಸಿ ಡಿ ಪೂರ್ತಿ ಬರಲ್ಲ. ಪೋಷಕರು ಕೇಳಿದ್ರೆ ಏನ್ ಹೇಳ್ತೀರಿ?’ ಎಂದು ಒತ್ತಿದೆ. ಅವರು ಕನ್ನಡಕ ಒರೆಸುತ್ತಾ, ‘ಶನಿವಾರ ಪೋಷಕರ ಸಭೆ ಇದೆಯಲ್ಲ, ಅವತ್ತು ಅವರೆದುರಿಗೇ ಮಾಡಿ ತೋರಿಸ್ಲಿ. ಮಕ್ಕಳು ಹೊಸ ಪದ ಓದಿದ್ರೆ ಸರಿ. ಇಲ್ದಿದ್ರೆ ಕ್ಲಾಸು ನೀವೇ ತಗೊಳ್ಳಿ, ಅವಳನ್ನ ಕಳಿಸ್ಬಿಡೋಣ. ಹೊಸ ಪದ ಯಾವ್ದೂಂತ ನೀವೇ ಬರೀರಿ’ ಎಂದರು.

ಹೆಡ್ ಮೇಷ್ಟ್ರು ಇದನ್ನು ಶ್ರೀವಾಣಿಗೆ ಹೇಳಿದಾಗ ಅವಳ ಮುಖ ಬಿಳುಚಿಕೊಂಡಿತು. ವರ್ಷದ ಮಧ್ಯದಲ್ಲಿ ಕಳಿಸಿದರೆ ಬೇರೆ ಯಾವ ಶಾಲೆಯೂ ತೆಗೆದುಕೊಳ್ಳುವುದಿಲ್ಲವೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ‘ಆಗ್ಲಿ ಸಾರ್’ ಎಂದಷ್ಟೇ ಹೇಳಿದಳು. ವಾದ ಮಾಡುವ ಧೈರ್ಯವೂ ಇಲ್ಲದ ಹುಡುಗಿ.

ಬುಧವಾರ, ಗುರುವಾರ ಅವಳಿಗೆ ಮುಳಬಾಗಿಲಿನಲ್ಲಿ ತರಬೇತಿ. ಒಂದನೆಯವರನ್ನು ನಾನು ನೋಡಿಕೊಳ್ಳಬೇಕಾಯಿತು. ಒಳ್ಳೆಯದೇ ಆಯಿತು ಎಂದುಕೊಂಡು ಬೀರುವಿನಿಂದ ನನ್ನ ಹಳೆಯ ಚಾರ್ಟ್ ತೆಗೆದೆ. ನನ್ನ ಕೈಬರಹ ತಾಲ್ಲೂಕಿಗೇ ಹೆಸರುವಾಸಿ. ಇಂಗ್ಲಿಷ್ ಅಕ್ಷರದ ಕೆಳಗೆ ದುಂಡಗೆ ಕನ್ನಡ ಅಕ್ಷರ, ಪಕ್ಕದಲ್ಲಿ ಚಿತ್ರ. ಇಷ್ಟು ವರ್ಷ ನಾನು ಕಲಿಸಿದ್ದು ಅದರಿಂದಲೇ.

‘ಹೇಳ್ರೋ, ಇದು ಬ. ಇದು ಆ್ಯ. ಇದು ಟ. ಮೂರೂ ಕೂಡಿಸಿದ್ರೆ?’

ಇಪ್ಪತ್ತೊಂದು ಬಾಯಿ ಒಟ್ಟಿಗೆ ತೆರೆದವು. ‘ಬಯಾಟ!’

‘ಬ್ಯಾಟ್ ಕಣ್ರೋ! ಬ, ಆ್ಯ, ಟ, ಬ್ಯಾಟ್. ಇನ್ನೊಂದ್ಸಲ.’

‘ಬಯಾಟ!’

ಎರಡು ದಿನ ಇದೇ ಗೋಳು. ಚಿತ್ರ ತೋರಿಸಿದರೆ ಬ್ಯಾಟ್ ಅನ್ನುತ್ತವೆ, ಚಿತ್ರದ ಮೇಲೆ ಕೈ ಮುಚ್ಚಿದರೆ ಬಯಾಟ. ದಡ್ಡ ಮುಂಡೇವು ಎಂದು ಬೈದೆ. ಗುರುವಾರ ಮಧ್ಯಾಹ್ನ ಮುಂದಿನ ಸಾಲಿನ ರಂಜಿತ ಎದ್ದು ನಿಂತು, ‘ಮಿಸ್ಸು, ನೀವ್ ಹೇಳಿದ್ದನ್ನೇ ಅಲ್ವಾ ನಾವು ಕೂಡಿಸಿದ್ದು?’ ಎಂದಳು. ಆರು ವರ್ಷದ ಪುಟ್ಟಿ. ನನ್ನ ಮೈ ಉರಿದು ಹೋಯಿತು.

‘ಎದುರು ಮಾತಾಡ್ತೀಯೇನೇ? ನಿಮ್ಮಮ್ಮನ ತಲೇನೇ ನಿಂಗೂ ಬಂದಿರೋದು. ಅವಳಿಗೂ ಏನೂ ಹತ್ತಲಿಲ್ಲ’ ಅಂದುಬಿಟ್ಟೆ.

ಅವಳ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಅಂಜಮ್ಮ, ಬಿಸಿಯೂಟದ ಅಡುಗೆ ಸಹಾಯಕಿ. ಮೊಟ್ಟೆ ಎಷ್ಟು ಮಕ್ಕಳಿಗೆ ಬೇಕೆಂದು ಕೇಳಲು ಬಂದಿದ್ದಳು. ಅವಳೂ ಇದೇ ಶಾಲೆಯಲ್ಲಿ ನನ್ನ ಶಿಷ್ಯೆ. ಆಗ ಇಂಗ್ಲಿಷ್ ಐದನೆಯಿಂದ ಶುರುವಾಗುತ್ತಿತ್ತು. ಒಂದು ಪದವೂ ಕೂಡಿಸಲು ಬರದೆ ದಿನಾ ಬೆಂಚಿನ ಮೇಲೆ ನಿಲ್ಲುತ್ತಿದ್ದಳು. ‘ನಿನ್ನ ತಲೆಗೆ ಹತ್ತಲ್ಲ ಬಿಡೇ, ಕುರಿ ಮೇಯ್ಸೋಗು’ ಎಂದಿದ್ದೆ. ಏಳನೆಯ ತರಗತಿ ಮುಟ್ಟುವಷ್ಟರಲ್ಲಿ ಬಿಟ್ಟಳು.

ಅಂಜಮ್ಮ ಮೊಟ್ಟೆಯ ವಿಷಯ ಮರೆತು ಗೋಡೆಯ ಚಾರ್ಟನ್ನೇ ನೋಡುತ್ತಿದ್ದಳು. ‘ನಂಗೂ ಇದೇ ಕಾಗ್ದ ತೋರಿಸಿದ್ರಿ ಮಿಸ್ಸು. ನಾನೂ ಹಿಂಗೇ ಕೂಡಿಸ್ದೆ’ ಎಂದು ಮೆಲ್ಲಗೆ ಹೇಳಿ ಹೋದಳು.

ಪಾತ್ರೆ ತೊಳೆಯುವವಳು ನನಗೆ ಪಾಠ ಹೇಳುತ್ತಾಳೆ! ರಾತ್ರಿ ಮಲಗಿ ಆ ಮಾತು ನಿಜವಿರಬಹುದೇ ಎಂದು ಯೋಚಿಸಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಅವಳಿಗೆ ಅಷ್ಟು ಸೊಕ್ಕು ಬಂದದ್ದು ಆ ಶ್ರೀವಾಣಿಯಿಂದಲೇ ಎಂದು ಹಲ್ಲು ಕಡಿದೆ. ಶನಿವಾರ ಬೋರ್ಡಿನ ಮೇಲೆ ಯಾವ ಪದ ಬರೆಯಬೇಕೆಂದು ಆಗಲೇ ಗಟ್ಟಿ ಮಾಡಿಕೊಂಡೆ.

ಸಭೆ ನಡೆದದ್ದು ಒಂದನೇ ತರಗತಿಯಲ್ಲೇ, ಮೂವತ್ತು ಜನ ಬಂದಿದ್ದರು. ಹೊಲದ ಕೆಲಸ ಬಿಟ್ಟು ಬಂದವರಿಗೆ ಬೇಗ ಮುಗಿದರೆ ಸಾಕಾಗಿತ್ತು. ಶ್ರೀವಾಣಿ ಇಸ್ತ್ರಿ ಹಾಕಿದ ಸೀರೆ ಉಟ್ಟು ಬಂದಿದ್ದಳು. ಹಾಳೆಯಲ್ಲಿ ಇದ್ದಂತೆಯೇ ಶುರು ಮಾಡಿದಳು. ಕಾರ್ಡು ಎತ್ತಿದಳು, ಮಕ್ಕಳು ಸ್, ಮ್, ನ್, ಫ್ ಅಂದರು. ಕಾರ್ಡು ಕೆಳಗಿಟ್ಟು ‘ಫ್‌ಫ್‌ಆ್ಯಆ್ಯನ್‌ನ್’ ಎಂದು ಎಳೆದಳು. ಮಕ್ಕಳೆಲ್ಲ ಮೇಲೆ ನೋಡಿ ‘ಫ್ಯಾನ್!’ ಎಂದು ಕೂಗಿದರು. ಬೋರ್ಡಿನ ಮೇಲೆ ‘ಮ್’ ಅಕ್ಷರದ ಕೆಳಗೆ ಬೆರಳಿಟ್ಟು, ಎತ್ತದೆ, ನಿಧಾನವಾಗಿ ‘ಆ್ಯ’ ಕಡೆಗೆ ಸರಿಸಿದಳು. ಬೆರಳು ಸರಿದಂತೆ ಮಕ್ಕಳ ಸದ್ದೂ ಸರಿಯಿತು, ಎಲ್ಲಿಯೂ ಕಡಿಯಲಿಲ್ಲ. ಕೊನೆಯ ಟ ಬಂದಾಗ ಇಪ್ಪತ್ತೊಂದು ಪುಟ್ಟ ಕತ್ತರಿಗಳು ಗಾಳಿಯಲ್ಲಿ ಆಡಿದವು. ‘ಮ್ಯಾಟ್!’ ಯಾರೋ ತಾತ ‘ಭಲೇ ಭಲೇ’ ಅಂದ. ಎಂಟು ನಿಮಿಷ ಆಗಿತ್ತು.

‘ಈಗ ಗಂಗರತ್ನಮ್ಮನವರು ಹೊಸ ಪದ ಬರೀತಾರೆ’ ಎಂದರು ಹೆಡ್ ಮೇಷ್ಟ್ರು.

ಸೀಮೆಸುಣ್ಣ ತೆಗೆದುಕೊಂಡು, ನನ್ನ ಹೆಸರುವಾಸಿ ಕೈಬರಹದಲ್ಲಿ, ಬ್ಯಾಟ್ ಎಂದು ಇಂಗ್ಲಿಷಿನಲ್ಲಿ ಬರೆದೆ. ಚಿತ್ರ ಇಲ್ಲ, ಕೆಳಗೆ ಕನ್ನಡ ಅಕ್ಷರ ಇಲ್ಲ.

ಶ್ರೀವಾಣಿ ನನ್ನ ಮುಖ ನೋಡಿದಳು. ‘ಮೇಡಂ, ಮೊದಲನೆ ಅಕ್ಷರ ನಾನಿನ್ನೂ ಹೇಳ್ಕೊಟ್ಟಿಲ್ಲ’ ಎಂದಳು.

‘ನಾನು ಹೇಳ್ಕೊಟ್ಟಿದೀನಮ್ಮಾ, ಎರಡು ದಿನ. ಏನ್ರೋ ಮಕ್ಳಾ, ಗೊತ್ತಲ್ವಾ?’ ಅಂದೆ. ಬಯಾಟ ಎಂಬ ಕೂಗು ಈಗ ಬರುತ್ತದೆ, ಊರವರು ನಗುತ್ತಾರೆ, ಸೋಮವಾರದಿಂದ ಕ್ಲಾಸು ನನ್ನದು. ಕೀಳು ಬುದ್ಧಿ ಎನ್ನಿ. ಅದೇ ಸರಿಯಾದ ಹೆಸರು.

ಯಾರೂ ಕೂಗಲಿಲ್ಲ. ರಂಜಿತ ಎದ್ದು ಬೋರ್ಡಿನ ಹತ್ತಿರ ಬಂದಳು. ಮೊದಲನೆಯ ಅಕ್ಷರದ ಕೆಳಗೆ ಬೆರಳಿಟ್ಟು ‘ಬ’ ಎಂದಳು. ನಾನು ಕಲಿಸಿದ ಹಾಗೆಯೇ. ನನ್ನ ಕಡೆ ತಿರುಗಿ, ‘ಮಿಸ್ಸು, ನಿಮ್ “ಬ”ಗೂ ಬಾಲ ಇದೆ’ ಎಂದಳು.

ಎರಡು ಬೆರಳು ಎತ್ತಿ ಕತ್ತರಿಸಿದಳು. ‘ಬ್’ ಎಂದು ತುಟಿ ಮುಚ್ಚಿ, ಬಾಯಿ ಬಿಡುವಾಗಲೇ ಆ್ಯ ಕಡೆ ಹಾರಿದಳು. ‘ಬ್ಯಾ… ಬ್ಯಾಟ್. ಬ್ಯಾಟು! ಬ್ಯಾಟ್ ಬಾಲು!’

ಜನ ಚಪ್ಪಾಳೆ ಹೊಡೆದರು. ಹೆಡ್ ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ಹೊಡೆದರು, ಮೊದಲಿನಿಂದಲೂ ಇದು ತಮ್ಮದೇ ಏರ್ಪಾಡು ಎನ್ನುವಂತೆ. ‘ಕ್ಲಾಸು ಶ್ರೀವಾಣಿ ಮೇಡಂದೇ, ಅದರಲ್ಲಿ ಎರಡು ಮಾತಿಲ್ಲ’ ಎಂದು ಘೋಷಿಸಿದರು. ಶ್ರೀವಾಣಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ನನ್ನ ಕಡೆ ನೋಡಿ ನಕ್ಕಳು ಬೇರೆ. ಗೆದ್ದವಳ ನಗು ಅಲ್ಲ, ಉಪಕಾರ ನೆನೆಯುವ ನಗು. ಅವಳಿಗೆ ಪದ ಆರಿಸಿದ ನನ್ನ ಉದ್ದೇಶವೇ ಹೊಳೆದಿರಲಿಲ್ಲ. ಅಂಥ ಪೆದ್ದು. ಇವತ್ತಿಗೂ ಅವಳು ನನಗೆ ಹಿಡಿಸುವುದಿಲ್ಲ. ಆ ಸೋಮವಾರದಿಂದ ದಿನಾ ಬೆಳಿಗ್ಗೆ ಹತ್ತು ನಿಮಿಷ ಅವಳ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ, ಅದು ಬೇರೆ ವಿಷಯ.

ಅವತ್ತು ಸಭೆ ಮುಗಿದು ಎಲ್ಲರೂ ಹೋದ ಮೇಲೆ ಚಾರ್ಟ್ ಬಿಚ್ಚೋಣವೆಂದು ಮತ್ತೆ ತರಗತಿಗೆ ಹೋದೆ. ಅಂಜಮ್ಮ ಒಬ್ಬಳೇ ಬೋರ್ಡಿನ ಮುಂದೆ ನಿಂತಿದ್ದಳು, ಬೆನ್ನು ನನ್ನ ಕಡೆಗೆ. ಕೈಯಲ್ಲಿ ಇನ್ನೂ ಸಾಂಬಾರಿನ ಸೌಟು. ಇನ್ನೊಂದು ಕೈಯ ಬೆರಳನ್ನು ನನ್ನ ಅಕ್ಷರಗಳ ಕೆಳಗೆ ಇಟ್ಟು ಸರಿಸಿದಳು. ಒಂದು ಸಲ ತಪ್ಪಿತು. ಎರಡು ಬೆರಳು ಆಡಿಸಿ ಮತ್ತೆ ಶುರು ಮಾಡಿದಳು.

‘ಬ್ಯಾಟ್’ ಎಂದಳು. ಇನ್ನೊಂದು ಸಲ ಹೇಳಿದಳು.

ಇಪ್ಪತ್ತು ವರ್ಷ ತಡವಾಗಿತ್ತು. ನಾನು ಬಾಗಿಲಿನಿಂದ ಹಿಂದೆ ಸರಿದು, ಅವಳು ಹೋಗುವವರೆಗೂ ಹೊರಗೇ ಕಾದೆ.